‘ಹಾಯ್’, ‘ಹಾಯ್.’ ಮತ್ತು ‘ಹಾಯ್!’: ಒಂದು ಚುಕ್ಕೆಯೊಳಗೆ ಎಷ್ಟು ಮುನಿಸು?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ ಇದು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ನಾನು ಸ್ವಲ್ಪ ಕಷ್ಟದ ಕೆಲಸಕ್ಕೆ ಕೈ ಹಾಕಿದ್ದೀನಿ. ಕಿವಿಗೆ ಕೇಳಿಸದ ವಿಷಯದ ಬಗ್ಗೆ ಪಾಡ್‌ಕಾಸ್ಟ್ ಮಾಡ್ತಿದ್ದೀನಿ. ‘ಹಾಯ್’ ಅಂತ ಬರೆದು ಬಿಟ್ಟರೂ, ‘ಹಾಯ್’ ಬರೆದು ಪಕ್ಕದಲ್ಲಿ ಚುಕ್ಕೆ ಇಟ್ಟರೂ ನಾನು ಓದಿ ಹೇಳುವಾಗ ಎರಡೂ ಒಂದೇ ಥರ ಕೇಳಿಸುತ್ತೆ. ಆದರೆ ನಿಮ್ಮ ಫೋನಿಗೆ ಅದು ಬಂದಾಗ ಎರಡೂ ಒಂದೇ ಅಲ್ಲ ಅಂತ ನಿಮಗೆ ಗೊತ್ತು. ಅದಕ್ಕೇ ಇವತ್ತು ಇಯರ್‌ಫೋನ್ ಹಾಕಿಕೊಂಡೇ ಈ ಪುಟವನ್ನೂ ತೆರೆದಿಟ್ಟುಕೊಳ್ಳಿ.

ಮೊದಲು ಚುಕ್ಕೆಯಿಂದ ಶುರು ಮಾಡೋಣ. ಪೂರ್ಣವಿರಾಮ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಅದೇ. ವಾಕ್ಯ ಇಲ್ಲಿಗೆ ಮುಗೀತು ಅಂತ ತೋರಿಸೋದಷ್ಟೇ ಅದರ ಕೆಲಸ. ಪುಸ್ತಕದಲ್ಲಿ ಒಂದರ ಹಿಂದೆ ಒಂದು ವಾಕ್ಯ ಬರುತ್ತೆ, ಮಧ್ಯೆ ಗಡಿ ಬೇಕು. ಚಾಟ್‌ನಲ್ಲಿ ಹಾಗಿಲ್ಲ. ನೀವು ಸೆಂಡ್ ಒತ್ತಿದ ಕೂಡಲೇ ಮಾತು ಮುಗೀತು ಅಂತಲೇ ಅರ್ಥ. ಆ ಸಣ್ಣ ಗುಳ್ಳೆಯ ಅಂಚೇ ಗಡಿ. ಅಂದರೆ ಚುಕ್ಕೆಗೆ ಅಲ್ಲಿ ಮಾಡೋಕೆ ಕೆಲಸವೇ ಉಳಿದಿಲ್ಲ. ಕೆಲಸ ಇಲ್ಲದೇ ಇರೋದು ಒಂದು ಕಡೆ ಬಂದು ಕೂತರೆ, ನೋಡಿದವರು ‘ಇದ್ಯಾಕೆ ಇಲ್ಲಿದೆ?’ ಅಂತ ಯೋಚಿಸ್ತಾರೆ. ಯೋಚಿಸಿದಾಗ ಸಿಗೋ ಮೊದಲ ಉತ್ತರ: ಮಾತು ಮುಗಿಸೋದಕ್ಕೆ. ‘ಸಾಕು, ಇನ್ನು ಮುಂದುವರಿಸಬೇಡ’ ಅನ್ನೋದಕ್ಕೆ.

ಇದನ್ನ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯ ಅಂತಿದೆ. ಅಲ್ಲಿ ಸೀಲಿಯಾ ಕ್ಲಿನ್ ಮತ್ತು ಅವರ ತಂಡ 126 ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಸಂಭಾಷಣೆ ತೋರಿಸಿತು. ಒಬ್ಬರು ಏನೋ ಆಹ್ವಾನ ಕೊಡ್ತಾರೆ, ಇನ್ನೊಬ್ಬರು ‘ಸರಿ’, ‘ಹೂಂ’ ಅನ್ನೋ ಥರ ಒಂದೇ ಪದದ ಉತ್ತರ ಕೊಡ್ತಾರೆ. ಕೆಲವು ಸಲ ಆ ಪದದ ಮುಂದೆ ಚುಕ್ಕೆ ಇರುತ್ತೆ, ಕೆಲವು ಸಲ ಇರಲ್ಲ. ಈ ಉತ್ತರ ಎಷ್ಟು ಮನಸ್ಸಿನಿಂದ ಬಂದಿದೆ ಅಂತ ಕೇಳಿದರೆ, ಚುಕ್ಕೆ ಇದ್ದ ಉತ್ತರಕ್ಕೆ ಕಡಿಮೆ ಅಂಕ. ಅದೇ ಸಂಭಾಷಣೆಯನ್ನ ಕೈಬರಹದ ಚೀಟಿ ಅಂತ ತೋರಿಸಿದಾಗ ಮಾತ್ರ ಚುಕ್ಕೆ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ನನಗೆ ಈ ಎರಡನೇ ಭಾಗವೇ ಮುಖ್ಯ ಅನಿಸೋದು. ಚುಕ್ಕೆಯೊಳಗೇ ತಣ್ಣಗಿನ ಗುಣ ಇದ್ದಿದ್ದರೆ ಚೀಟಿಯಲ್ಲೂ ಅದು ಕಾಣಬೇಕಿತ್ತು. ಆ ತಂಪು ಹುಟ್ಟಿದ್ದು ಫೋನಿನ ಮೇಲೆ.

ಈ ಅಧ್ಯಯನ ಪ್ರಕಟವಾದಾಗ ‘ಚುಕ್ಕೆ ಇಟ್ಟವರೆಲ್ಲ ಕಪಟಿಗಳು’ ಅನ್ನೋ ಥರ ಅದರ ಸುದ್ದಿ ಓಡಾಡಿತು. ಅಷ್ಟು ದೂರ ಹೋಗಬೇಕಾಗಿಲ್ಲ. ಅವರು ನೋಡಿದ್ದು ಒಂದೇ ಪದದ ಉತ್ತರಗಳನ್ನ, ಅದೂ ಇಂಗ್ಲಿಷಿನಲ್ಲಿ, ಒಂದೇ ಕಾಲೇಜಿನ ಹುಡುಗ ಹುಡುಗಿಯರ ಕಣ್ಣಲ್ಲಿ. ನಾಲ್ಕು ಸಾಲಿನ ಮೆಸೇಜಿನಲ್ಲಿ ಮೂರು ಚುಕ್ಕೆ ಇದ್ದರೆ ಅವು ಬರೀ ವಾಕ್ಯದ ಗಡಿಗಳು, ಅದಕ್ಕೆ ಯಾರೂ ಮುನಿಸಿಕೊಳ್ಳಲ್ಲ. ತೊಂದರೆ ಶುರುವಾಗೋದು ಮಾತು ಚಿಕ್ಕದಾದಾಗ. ಮೆಸೇಜಿನಲ್ಲಿ ಅತ್ಯಂತ ಚಿಕ್ಕ ಮಾತು ಯಾವುದು? ಶುಭಾಶಯ. ‘ಹಾಯ್’, ‘ಗುಡ್ ಮಾರ್ನಿಂಗ್’, ‘ಹ್ಯಾಪಿ ಬರ್ತ್‌ಡೇ’, ‘ಊಟ ಆಯ್ತಾ’. ಇವುಗಳಲ್ಲಿ ಮಾಹಿತಿ ಅನ್ನೋದು ಹೆಚ್ಚುಕಡಿಮೆ ಸೊನ್ನೆ. ‘ಊಟ ಆಯ್ತಾ’ ಅಂತ ಕೇಳುವವರಿಗೆ ನೀವು ತಿಂದಿದ್ದು ಉಪ್ಪಿಟ್ಟೋ ಚಿತ್ರಾನ್ನವೋ ಬೇಕಾಗಿಲ್ಲ. ‘ನಿನ್ನ ನೆನಪಾಯ್ತು’ ಅನ್ನೋದೇ ಅದರೊಳಗಿನ ಸರಕು. ಸರಕೆಲ್ಲ ಪ್ರೀತಿಯೇ ಆದಾಗ, ಆ ಪ್ರೀತಿ ಎಷ್ಟಿದೆ ಅಂತ ಅಳೆಯೋಕೆ ನಮ್ಮ ಕಣ್ಣು ಪದ ಬಿಟ್ಟು ಪಕ್ಕದ ಚಿಹ್ನೆಗೆ ಹೋಗುತ್ತೆ.

ಈಗ ಆಶ್ಚರ್ಯಸೂಚಕ. ಶಾಲೆಯಲ್ಲಿ ಅದಕ್ಕೆ ಆ ಹೆಸರು ಕೊಟ್ಟು ನಮ್ಮ ದಾರಿ ತಪ್ಪಿಸಿದರು ಅಂತ ನನ್ನ ಅಭಿಪ್ರಾಯ. ‘ಅಬ್ಬಾ!’, ‘ಆಹಾ!’ ಅಂತ ಉದಾಹರಣೆ ಕೊಟ್ಟು ಮುಂದಿನ ಪಾಠಕ್ಕೆ ಹೋದರು. ‘ಗುಡ್ ಮಾರ್ನಿಂಗ್!’ ಅಂತ ಬರೆಯುವವರಿಗೆ ಬೆಳಗಾಗಿದ್ದು ನೋಡಿ ಆಶ್ಚರ್ಯ ಆಗಿದೆಯಾ? ಇಲ್ಲ. 2006ರಲ್ಲಿ ಕ್ಯಾರಲ್ ವಾಸೆಲೆಸ್ಕಿ ಅನ್ನೋ ಸಂಶೋಧಕಿ, ಈಮೇಲ್ ಮೂಲಕ ನಡೆಯುತ್ತಿದ್ದ ಎರಡು ವೃತ್ತಿಪರ ಚರ್ಚಾ ಗುಂಪುಗಳಿಂದ 200 ಆಶ್ಚರ್ಯಸೂಚಕಗಳನ್ನ ತೆಗೆದು, ಒಂದೊಂದೂ ಏನು ಕೆಲಸ ಮಾಡ್ತಿದೆ ಅಂತ ವಿಂಗಡಿಸಿದರು. ಉದ್ರೇಕ, ಕೂಗಾಟ ತೋರಿಸೋಕೆ ಬಳಸಿದ್ದು ಅಪರೂಪ. ಸ್ನೇಹ ತೋರಿಸೋಕೆ ಬಳಸಿದ್ದು ಸಾಕಷ್ಟು. ಅಂದರೆ ವಾಟ್ಸಾಪ್ ಹುಟ್ಟೋದಕ್ಕೂ ಮೊದಲೇ, ಗಂಭೀರವಾಗಿ ಕೆಲಸದ ವಿಷಯ ಬರೆಯುವ ಜನರ ನಡುವೆಯೇ, ಈ ಚಿಹ್ನೆ ನಗುಮುಖದ ಕೆಲಸಕ್ಕೆ ಸೇರಿಕೊಂಡಿತ್ತು.

ಆದರೆ ಒಂದು ಎಚ್ಚರಿಕೆ. ಆಶ್ಚರ್ಯಸೂಚಕ ತಾನಾಗೇ ಬೆಚ್ಚಗಿನದಲ್ಲ. ಅದು ರೇಡಿಯೊದ ವಾಲ್ಯೂಮ್ ಗುಂಡಿ ಇದ್ದ ಹಾಗೆ. ಯಾವ ಸ್ಟೇಷನ್ ಅನ್ನೋದನ್ನ ಪದ ತೀರ್ಮಾನ ಮಾಡುತ್ತೆ, ಎಷ್ಟು ಜೋರು ಅನ್ನೋದನ್ನ ಚಿಹ್ನೆ. ‘ಬಂದ್ಯಾ!’ ಅಂದರೆ ಖುಷಿ. ‘ಎಲ್ಲಿದ್ದೀಯಾ!’ ಅಂದರೆ ಬೈಗುಳ. ‘ಕೊನೆಗೂ ನೆನಪಾಯ್ತಾ!’ ಅಂದರೆ ಕುಟುಕು. ಶುಭಾಶಯದ ಪದ ಮೊದಲೇ ಒಳ್ಳೆಯ ಕಡೆಗೆ ತಿರುಗಿರೋದರಿಂದ ಅಲ್ಲಿ ವಾಲ್ಯೂಮ್ ಏರಿಸಿದರೆ ಪ್ರೀತಿ ಏರುತ್ತೆ, ಅಷ್ಟೆ.

ಈಗ ಒಂದು ನಿಜವಾದ ಪ್ರಸಂಗ. ನಮ್ಮ ಕೇಳುಗರೊಬ್ಬರು ಕಳಿಸಿದ್ದು. ಹೇಳೋಕೆ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಬೇಡ ಅಂದಿದ್ದಾರೆ. ಮೈಸೂರಿನ ಹುಡುಗಿ, ಕೆಲಸ ಬೆಂಗಳೂರಲ್ಲಿ. ಹುಟ್ಟುಹಬ್ಬದ ದಿನ ಅವರಿಗೆ ಎರಡು ಮೆಸೇಜ್ ಬಂತು. ಒಂದು ಅಪ್ಪನಿಂದ:

‘ಹುಟ್ಟುಹಬ್ಬದ ಶುಭಾಶಯಗಳು ಮಗಳೇ.’

ಇನ್ನೊಂದು ಪಿಯುಸಿಯಿಂದ ಜೊತೆಗಿರೋ ಗೆಳತಿಯಿಂದ:

‘ಹುಟ್ಟುಹಬ್ಬದ ಶುಭಾಶಯಗಳು.’

ಎರಡರಲ್ಲೂ ಅದೇ ಪದ, ಅದೇ ಚುಕ್ಕೆ. ಅಪ್ಪನ ಮೆಸೇಜ್ ಓದಿ ಖುಷಿಯಾಯ್ತಂತೆ. ಗೆಳತಿಯದ್ದು ಓದಿ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯ್ತಂತೆ. ‘ನಾನು ಅತಿ ಮಾಡ್ತಿದ್ದೀನಾ, ಒಂದು ಚುಕ್ಕೆಗೆ ಇಷ್ಟಾ?’ ಅನ್ನೋದು ಅವರ ಪ್ರಶ್ನೆ.

ಅತಿ ಏನಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟೇ: ಎರಡೂ ಚಾಟ್‌ಗಳಲ್ಲಿ ಮೇಲಕ್ಕೆ ಹೋಗಿ, ಹಿಂದಿನ ವರ್ಷಗಳ ಇದೇ ದಿನ ಹುಡುಕಿ. ಅಪ್ಪನದ್ದು ಹುಡುಕಿದರೆ ಹೋದ ವರ್ಷವೂ ಚುಕ್ಕೆ, ಅದರ ಹಿಂದಿನ ವರ್ಷವೂ ಚುಕ್ಕೆ. ‘ಮನೆಗೆ ತಲುಪಿದೆ.’ ಅನ್ನೋದಕ್ಕೂ ಚುಕ್ಕೆ. ‘ಹಾಲು ತಾ.’ ಅನ್ನೋದಕ್ಕೂ ಚುಕ್ಕೆ. ಅವರು ನಿವೃತ್ತ ಮೇಷ್ಟ್ರು, ಇನ್‌ಲ್ಯಾಂಡ್ ಲೆಟರ್ ಬರೆದು ರೂಢಿಯಾದವರು. ಅವರ ಕೈಯಲ್ಲಿ ಚುಕ್ಕೆ ಇನ್ನೂ ಹಳೆಯ ಕೆಲಸವನ್ನೇ ಮಾಡ್ತಿದೆ. ಎಲ್ಲ ಕಡೆ ಇರೋ ಗುರುತಿನಿಂದ ಯಾವ ವಿಶೇಷ ಸುದ್ದಿಯೂ ಸಿಗಲ್ಲ. ಇನ್ನು ಕೆಲವು ಫೋನ್‌ಗಳಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ತಾನಾಗೇ ಚುಕ್ಕೆ ಬೀಳೋ ಸೆಟ್ಟಿಂಗ್ ಇರುತ್ತೆ. ಮನೆಯ ಹಿರಿಯರು ಇಟ್ಟ ಚುಕ್ಕೆಯನ್ನ ಅವರೇ ಇಟ್ಟಿದ್ದಾರೆ ಅನ್ನೋ ಖಾತ್ರಿಯೂ ಇಲ್ಲ.

ಗೆಳತಿಯ ಚಾಟ್‌ನಲ್ಲಿ ಮೇಲೆ ಹೋದರೆ ಬೇರೆ ಲೋಕ. ಹೋದ ವರ್ಷ ಬಂದಿದ್ದು ‘ಹ್ಯಾಪಿ ಬಡ್ಡೇ ಕಣೇ!!! 🎂🎂’. ಅದರ ಹಿಂದಿನ ವರ್ಷವೂ ಹೆಚ್ಚುಕಡಿಮೆ ಅದೇ, ಜೊತೆಗೆ ಪಿಯುಸಿ ಐಡಿ ಕಾರ್ಡಿನ ಅವಮಾನಕರ ಫೋಟೊ. ಆ ಸಾಲಿನಿಂದ ಈ ಸಾಲಿಗೆ ಬರುವಾಗ ಏನೇನು ಕಳೆದುಹೋಗಿದೆ ಅಂತ ಎಣಿಸೋಣ. ಮೂರು ಆಶ್ಚರ್ಯಸೂಚಕ ಹೋಗಿವೆ. ಕೇಕ್ ಹೋಗಿದೆ. ‘ಹ್ಯಾಪಿ ಬಡ್ಡೇ’ ಅನ್ನೋ ಬಾಯಿಮಾತು ಹೋಗಿ, ಫ್ಲೆಕ್ಸ್ ಬೋರ್ಡಿನ ಮೇಲೆ ಬರೆಯುವಂಥ ‘ಶುಭಾಶಯಗಳು’ ಬಂದಿದೆ. ‘ಕಣೇ’ ಹೋಗಿದೆ. ಇದೆಲ್ಲದರ ಮೇಲೆ ಒಂದು ಚುಕ್ಕೆ ಬಂದಿದೆ. ನಮ್ಮ ಹುಡುಗಿಯ ಕಣ್ಣಿಗೆ ಬಿದ್ದಿದ್ದು ಚುಕ್ಕೆ ಮಾತ್ರ, ಯಾಕಂದ್ರೆ ಇರೋದು ಕಣ್ಣಿಗೆ ಕಾಣುತ್ತೆ, ಇಲ್ಲದೇ ಇರೋದು ಕಾಣಲ್ಲ.

ಅವರು ಫೋನ್ ಮಾಡಿದರು. ವಿಷಯ ಏನಪ್ಪಾ ಅಂದ್ರೆ, ಇವರ ನಿಶ್ಚಿತಾರ್ಥ ಆಗಿದ್ದು ಆ ಗೆಳತಿಗೆ ಗೊತ್ತಾಗಿದ್ದು ಬೇರೆ ಯಾರದ್ದೋ ಸ್ಟೇಟಸ್ ನೋಡಿ. ಹಾಗಾಗಿ ಕೋಪ ಇತ್ತು, ನಿಜ. ಆಮೇಲೆ ಇವರು ‘ಆ ಚುಕ್ಕೆ ಬೇಕಂತಲೇ ಇಟ್ಟೆ ತಾನೇ?’ ಅಂತ ಕೇಳಿದ್ದಾರೆ. ಅದಕ್ಕೆ ಗೆಳತಿ, ‘ಯಾವ ಚುಕ್ಕೆನೇ? ಚುಕ್ಕೆ ಗಿಕ್ಕೆ ನಂಗೊತ್ತಿಲ್ಲ. “ಕಣೇ” ಅಂತ ಟೈಪ್ ಮಾಡಿ ಅಳಿಸಿದ್ದು ಮಾತ್ರ ನೆನಪಿದೆ’ ಅಂದಳಂತೆ.

ಈ ಉತ್ತರ ಕೇಳಿ ನಾನು ಈ ಎಪಿಸೋಡನ್ನೇ ಬೇರೆ ಥರ ಬರೆದೆ. ಯಾಕಂದ್ರೆ ಇದುವರೆಗೆ ಹೇಳಿದ ಅಧ್ಯಯನಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷಿನ ‘ಹಾಯ್’ ಅನ್ನೋ ಪದಕ್ಕೆ ಅಂಟಿಸೋಕೆ ಹೆಚ್ಚೇನೂ ಇಲ್ಲ. ಅದು ಬೋಳು ಪದ. ಬೆಚ್ಚಗೆ ಮಾಡಬೇಕು ಅಂದರೆ ಚಿಹ್ನೆಯನ್ನೇ ಹುಡುಕಬೇಕು. ನಮ್ಮ ಹತ್ತಿರ ಆ ಕೆಲಸಕ್ಕೆ ಅಂತಲೇ ಮಾತಿನ ತುಣುಕುಗಳಿವೆ. ಕಣೋ, ಕಣೇ. ಧಾರವಾಡದ ಕಡೆ ಹೋದರೆ ‘ರೀ’, ‘ನಮಸ್ಕಾರ್ರೀ’. ಮಂಗಳೂರಿನ ಕಡೆ ‘ಮಾರಾಯ’, ‘ಮಾರಾಯ್ತಿ’. ಅಪ್ಪ, ಅಮ್ಮ, ಅಕ್ಕ ಅಂತ ಹೆಸರಿನ ಜೊತೆ ಸೇರಿಸೋದು ಎಲ್ಲ ಕಡೆ ಇದೆ. ಇವಕ್ಕೆ ವಾಕ್ಯದಲ್ಲಿ ಬೇರೆ ಅರ್ಥ ಇಲ್ಲ, ನಮ್ಮಿಬ್ಬರ ಮಧ್ಯೆ ಎಷ್ಟು ದೂರ ಅಂತ ಹೇಳೋದೇ ಅರ್ಥ.

ಪ್ರಯೋಗ ಮಾಡಿ ನೋಡಿ. ‘ಆಯ್ತು.’ ಅಂತ ಓದಿ. ತಣ್ಣಗಿದೆ. ಈಗ ‘ಆಯ್ತು ಕಣೇ.’ ಅಂತ ಓದಿ. ಚುಕ್ಕೆ ಅಲ್ಲೇ ಇದೆ, ಆದರೆ ಅದರ ಹಲ್ಲು ಉದುರಿಹೋಗಿದೆ. ‘ಥ್ಯಾಂಕ್ಸ್.’ ಅಂದರೆ ಲೆಕ್ಕ ಚುಕ್ತಾ ಮಾಡಿದ ಹಾಗೆ. ‘ಥ್ಯಾಂಕ್ಸ್ ಕಣೋ.’ ಅಂದರೆ ಹೆಗಲ ಮೇಲೆ ಕೈ ಹಾಕಿದ ಹಾಗೆ. ಅಪ್ಪನ ಮೆಸೇಜಿನಲ್ಲಿ ‘ಮಗಳೇ’ ಅಂತ ಇತ್ತಲ್ಲ, ಅದೂ ಇದೇ ಕೆಲಸ ಮಾಡಿತು. ಹಳೆಯ ಮೆಸೇಜುಗಳನ್ನ ನೋಡದೇ ಇದ್ದಿದ್ದರೂ ಆ ಒಂದು ಪದ ಚುಕ್ಕೆಯನ್ನ ತಡೆದು ನಿಲ್ಲಿಸ್ತಿತ್ತು ಅಂತ ನನಗನಿಸುತ್ತೆ.

ಈಗ ಇದೇ ದಾರಿಯಲ್ಲಿ ಆಫೀಸಿಗೆ ಬನ್ನಿ. ನಿಮ್ಮಲ್ಲಿ ಎಷ್ಟೋ ಜನ ಮೊದಲ ಕೆಲಸಕ್ಕೆ ಸೇರಿ, ಟೀಮ್ ಲೀಡ್‌ಗೆ ಬೆಳಿಗ್ಗೆ ಏನಂತ ಮೆಸೇಜ್ ಹಾಕೋದು ಅಂತ ಐದು ನಿಮಿಷ ಯೋಚಿಸಿರ್ತೀರಿ. ಸರ್ಕಾರಿ ಕಚೇರಿಯಲ್ಲೋ ಕಾಲೇಜಿನಲ್ಲೋ ಆಗಿದ್ದರೆ ‘ಗುಡ್ ಮಾರ್ನಿಂಗ್ ಸರ್’ ಅಂತ ಹಾಕಿ ನೆಮ್ಮದಿಯಾಗಿರಬಹುದು. ‘ಸರ್’ ಅನ್ನೋದೇ ಮರ್ಯಾದೆ ಹೊತ್ತುಕೊಂಡು ಹೋಗುತ್ತೆ, ಮುಂದೆ ಚುಕ್ಕೆ ಬಿದ್ದರೂ ಪರವಾಗಿಲ್ಲ. ಆದರೆ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೀಬೇಕು. ಅಲ್ಲಿ ‘ಸರ್’ ಇಲ್ಲ. ಲೀಡ್‌ಗೆ ‘ಕಣೋ’ ಅನ್ನೋಕಂತೂ ಆಗಲ್ಲ. ಮರ್ಯಾದೆಯ ಪದವೂ ಹೋಯ್ತು, ಸಲುಗೆಯ ಪದವೂ ಹೋಯ್ತು. ಉಳಿದಿದ್ದು ಬೋಳು ಹೆಸರು. ಆ ಖಾಲಿ ಜಾಗದಲ್ಲಿ ಕೂರೋದೇ ಒಂದು ಆಶ್ಚರ್ಯಸೂಚಕ. ‘ಗುಡ್ ಮಾರ್ನಿಂಗ್!’ ಅನ್ನೋದರಲ್ಲಿರೋ ಆ ಒಂದು ಗೆರೆ, ಒಂದು ಚುಕ್ಕೆ, ‘ರೀ’ ಮಾಡಬೇಕಿದ್ದ ಕೆಲಸ ಮಾಡ್ತಿದೆ.

ಎಷ್ಟು ಹಾಕಬೇಕು? ಶುಭಾಶಯಕ್ಕೆ ಒಂದು ಸಾಕು. ಮೂರು ಹಾಕೋದು ತಪ್ಪಲ್ಲ, ಆದರೆ ಆಮೇಲೆ ಕೆಳಗಿಳಿಯೋದು ಕಷ್ಟ. ಸೋಮವಾರ ‘ಹಾಯ್!!!’ ಅಂದವರು ಗುರುವಾರ ‘ಹಾಯ್!’ ಅಂದರೆ, ಆ ಕಡೆಯವರು ‘ಏನಾಯ್ತು, ಹುಷಾರಿಲ್ವಾ?’ ಅಂತ ಕೇಳ್ತಾರೆ. ನಮ್ಮ ಗೆಳತಿಯ ಪ್ರಸಂಗದಲ್ಲೂ ಅಷ್ಟೇ, ‘ಶುಭಾಶಯಗಳು.’ ಅಷ್ಟು ತಣ್ಣಗೆ ಕಂಡಿದ್ದು ಹಿಂದಿನ ವರ್ಷದ ಮೂರು ಆಶ್ಚರ್ಯಸೂಚಕದ ಎತ್ತರದಿಂದ.

ಇನ್ನು ಎಮೋಜಿ. ಇದರ ಬಗ್ಗೆ ಬೇರೆಯೇ ಎಪಿಸೋಡ್ ಬೇಕು, ಇವತ್ತು ಶುಭಾಶಯದಲ್ಲಿ ಹೆಚ್ಚು ಎಡವಟ್ಟು ಮಾಡೋ ಎರಡನ್ನ ಮಾತ್ರ ನೋಡೋಣ.

ಒಂದು, ಈ ನಗು: 🙂. ಇದಕ್ಕೆ ಯೂನಿಕೋಡ್ ಇಟ್ಟ ಹೆಸರಿನ ಅರ್ಥವೇ ‘ಸ್ವಲ್ಪ ನಗುತ್ತಿರುವ ಮುಖ’. ಯೂನಿಕೋಡ್‌ಗೆ ಇದು ಸೇರಿದ್ದು 2014ರಲ್ಲಿ. ಕೆನ್ನೆ ಕೆಂಪಗಾಗಿ ಕಣ್ಣೂ ನಗುವ 😊 ಅದಕ್ಕಿಂತ ಮೊದಲೇ ಇತ್ತು. ಪಕ್ಕದಲ್ಲೇ ಪೂರ್ತಿ ನಗು ಸಿಗುವಾಗ ನೀವು ಅರ್ಧ ನಗುವನ್ನ ಆರಿಸಿದರೆ, ‘ಪೂರ್ತಿ ಯಾಕೆ ಬೇಡವಾಯ್ತು?’ ಅಂತ ನಿಮ್ಮ ವಯಸ್ಸಿನವರು ಕೇಳಿಕೊಳ್ತಾರೆ. ಕಣ್ಣು ಅಲುಗಾಡದೇ ತುಟಿ ಮಾತ್ರ ಬಾಗಿರೋ ಮುಖ ನಿಜ ಜೀವನದಲ್ಲಿ ಯಾರದ್ದು? ರಜೆ ಕೇಳಿದಾಗ ‘ನೋಡೋಣ’ ಅನ್ನೋ ಮ್ಯಾನೇಜರದ್ದು. ‘ಕಂಗ್ರಾಟ್ಸ್ 🙂’ ಅನ್ನೋದನ್ನ ಎಷ್ಟೋ ಜನ ‘ನನಗೆ ಹೊಟ್ಟೆಕಿಚ್ಚಾಗಿದೆ’ ಅಂತ ಓದ್ತಾರೆ. ಆದರೆ ನಿಮ್ಮ ಅತ್ತೆಯೋ ಚಿಕ್ಕಪ್ಪನೋ ಇದೇ ಮುಖ ಕಳಿಸಿದರೆ ಅದು ಬರೀ ನಗು. ಇಲ್ಲೂ ಅದೇ ಪರೀಕ್ಷೆ: ಮೇಲಕ್ಕೆ ಹೋಗಿ, ಅವರು ಬೇರೆ ದಿನ ಏನು ಕಳಿಸ್ತಾರೆ ನೋಡಿ.

ಪರಿಚಯವೇ ಇಲ್ಲದವರಿಗೆ ಕೆಲಸದ ವಿಷಯವಾಗಿ ಮೊದಲ ಸಲ ಬರೆಯುವಾಗ ನಗುಮುಖ ಹಾಕಬೇಕಾ? ಎಲ್ಲಾ ಗ್ಲಿಕ್‌ಸನ್, ಅರಿಕ್ ಚೆಶಿನ್, ಗೆರ್ಬೆನ್ ವಾನ್ ಕ್ಲೀಫ್ ಅನ್ನೋ ಮೂವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 29 ದೇಶಗಳ 549 ಜನ ಇದ್ದರು. ಔಪಚಾರಿಕ ಈಮೇಲಿಗೆ ಸೇರಿಸಿದ ನಗುಮುಖದಿಂದ ಬರೆದವರ ಆತ್ಮೀಯತೆ ಹೆಚ್ಚಿಗೆ ಕಾಣಲಿಲ್ಲ, ಅವರ ಸಾಮರ್ಥ್ಯ ಮಾತ್ರ ಕಡಿಮೆ ಕಂಡಿತು. ಹತ್ತಿರಹತ್ತಿರ ಹತ್ತು ವರ್ಷದ ಹಿಂದಿನ ಮಾತು, ಈಗ ಸ್ವಲ್ಪ ಸಡಿಲ ಆಗಿರಬಹುದು. ಆದರೂ ಇಂಟರ್‌ವ್ಯೂಗೆ ಮೊದಲಿನ ಈಮೇಲಿನಲ್ಲಿ ನಾನಾದರೆ ಹಾಕಲ್ಲ. ಅವರು ಮೊದಲು ಹಾಕಿದರೆ ಆಮೇಲೆ ಹಾಕ್ತೀನಿ.

ಎರಡನೆಯದು 🙏. ಪರದೆಯ ಹಿಂದೆ ಇದರ ಸಂಖ್ಯೆ U+1F64F. ಎಮೋಜಿ ಶುರುವಾಗಿದ್ದು ಜಪಾನಿನ ಮೊಬೈಲ್‌ಗಳಲ್ಲಿ, ಅಲ್ಲಿ ಕೈ ಜೋಡಿಸೋದು ‘ದಯವಿಟ್ಟು’ ಅಥವಾ ‘ಥ್ಯಾಂಕ್ಸ್’ ಅನ್ನೋಕೆ. ಅಮೆರಿಕದಲ್ಲಿ ಕೆಲವರು ಇದನ್ನ ಇಬ್ಬರು ಕೈ ತಟ್ಟಿಕೊಳ್ತಿರೋ ಚಿತ್ರ ಅಂತಲೂ ವಾದ ಮಾಡಿದ್ದಾರೆ. ನಮಗೆ ಆ ಗೊಂದಲ ಇಲ್ಲ, ನೋಡಿದ ಕೂಡಲೇ ನಮಸ್ಕಾರ. ನಮ್ಮ ಗೊಂದಲ ಬೇರೆ. ಗುಲಾಬಿ ಹೂವಿನ ‘ಶುಭೋದಯ’ಕ್ಕೂ ಇದೇ, ಹಬ್ಬಕ್ಕೂ ಇದೇ, ಓಣಿಯ ಗ್ರೂಪಿನಲ್ಲಿ ಚರ್ಚೆ ಸಾಕು ಅನ್ನೋಕೂ ಇದೇ, ಯಾರಾದರೂ ತೀರಿಕೊಂಡಾಗ ‘ಓಂ ಶಾಂತಿ’ ಪಕ್ಕದಲ್ಲೂ ಇದೇ. ದೊಡ್ಡವರಿಗೆ ಕಳಿಸಿದರೆ ಮರ್ಯಾದೆ. ನಿಮ್ಮ ಆಪ್ತ ಗೆಳೆಯನ ‘ಸಾರಿ ಕಣೋ’ಗೆ ಉತ್ತರವಾಗಿ ಬರೀ 🙏 ಕಳಿಸಿದರೆ? ಅದು ಬಾಗಿಲು ಹಾಕಿದ ಸದ್ದು. ‘ನಿನಗೊಂದು ದೊಡ್ಡ ನಮಸ್ಕಾರ ಮಾರಾಯ’ ಅಂತ ನಾವು ಬಾಯಲ್ಲಿ ಹೇಳ್ತೀವಲ್ಲ, ಅದೇ ಕುಟುಕು ಎಮೋಜಿಗೂ ಬಂದುಬಿಟ್ಟಿದೆ.

ಇನ್ನೊಂದು ಕಡೆ ಲೆಕ್ಕ ಪೂರ್ತಿ ತಿರುಗುತ್ತೆ. ಯಾರದ್ದೋ ಮನೆಯಲ್ಲಿ ಸಾವಾಗಿದೆ, ಅಥವಾ ಅಮ್ಮನನ್ನ ಆಸ್ಪತ್ರೆಗೆ ಸೇರಿಸಿದ್ದಾರೆ. ಆಗ ನಿಮ್ಮ ಮಾಮೂಲಿ ಆಶ್ಚರ್ಯಸೂಚಕವನ್ನ ರೂಢಿಯ ಮೇಲೆ ಹಾಕಿಬಿಟ್ಟರೆ ಕಿವಿಯ ಹತ್ತಿರ ಕೂಗಿದ ಹಾಗಿರುತ್ತೆ. ಇಲ್ಲಿ ಚುಕ್ಕೆ ಸರಿಯಾದ ಚಿಹ್ನೆ. ‘ವಿಷಯ ಗೊತ್ತಾಯ್ತು. ಸಂಜೆ ಬರ್ತೀನಿ.’ ಈ ಎರಡು ಚುಕ್ಕೆಗಳಲ್ಲಿ ಮುನಿಸಿಲ್ಲ, ಮೆಲ್ಲಗೆ ಮಾತಾಡಿದ ದನಿ ಇದೆ. ಕೋಪದ ಚುಕ್ಕೆಯೂ ಇದೇ, ಸಮಾಧಾನದ ಚುಕ್ಕೆಯೂ ಇದೇ.

ಮೈಸೂರಿನ ಆ ಇಬ್ಬರ ಬಗ್ಗೆ ಕೇಳಿದವರಿಗೆ: ಮದುವೆ ಮುಂದಿನ ತಿಂಗಳಂತೆ. ಗೆಳತಿಗೆ ಮೊದಲ ಕರೆಯೋಲೆ ಹೋಗಿದೆ, ಕೈಯಾರೆ. ನಿಮ್ಮ ಚಾಟ್‌ಗಳಲ್ಲೂ ಇಂಥ ಚುಕ್ಕೆಗಳಿದ್ದರೆ ವಾಯ್ಸ್ ನೋಟ್ ಕಳಿಸಿ, ಹೆಸರು ಬೇಡ ಅಂದರೆ ಹೇಳಲ್ಲ. ಮುಂದಿನ ವಾರ ಸಿಗ್ತೀನಿ.